ಅರ್ಧಾಯುವಿನಿಂದ ಆರುವ ಕಾಫಿಯವರೆಗೆ: ಘಾತೀಯ ಲೆಕ್ಕ ಬಿಡಿಸುವ ಬಗೆ

ದ್ವಿತೀಯ ಪಿಯುಸಿಯಲ್ಲಿ ಅವಕಲ ಸಮೀಕರಣದ ಪಾಠಕ್ಕೆ ಬಂದಾಗ ಒಂದಷ್ಟು ಮಾತಿನ ಲೆಕ್ಕಗಳು ಎದುರಾಗುತ್ತವೆ. ಬ್ಯಾಕ್ಟೀರಿಯಾ ಇಷ್ಟು ಗಂಟೆಗೆ ಇಷ್ಟಾಯಿತು, ವಿಕಿರಣ ವಸ್ತು ಇಷ್ಟು ಉಳಿಯಿತು, ಬಿಸಿ ವಸ್ತು ಇಷ್ಟು ಡಿಗ್ರಿಗೆ ಇಳಿಯಿತು, ಹಾಗಾದರೆ ಮುಂದೇನು ಅಂತ ಕೇಳುವ ಲೆಕ್ಕಗಳು. ಪ್ರತಿಯೊಂದಕ್ಕೂ ಬೇರೆ ಸೂತ್ರ ಬಾಯಿಪಾಠ ಮಾಡುವವರು ಬಹಳ ಜನ. ಅದು ಬೇಕಾಗಿಲ್ಲ. ಇವೆಲ್ಲ ಒಂದೇ ಲೆಕ್ಕ. ಅದನ್ನು ಒಂದು ಸಲ ಸರಿಯಾಗಿ ಬಿಡಿಸಿ ನೋಡೋಣ. ಕೊನೆಗೆ, ಕೊಟ್ಟ ಅಳತೆಗಳನ್ನು ಎಷ್ಟು ನಂಬಬಹುದು ಎಂಬುದನ್ನೂ ನೋಡೋಣ. ಪರೀಕ್ಷೆಯಲ್ಲಿ ಅದನ್ನು ಕೇಳುವುದು ಕಡಿಮೆ. ಪ್ರಯೋಗಾಲಯದಲ್ಲಿ ಮಾತ್ರ ಅದಿಲ್ಲದೆ ನಡೆಯುವುದಿಲ್ಲ.

ಮೊದಲು ಸಮೀಕರಣ

ಒಂದು ವಸ್ತು ಎಷ್ಟಿದೆಯೋ ಅದಕ್ಕೆ ತಕ್ಕಂತೆ ಅದರ ಬದಲಾವಣೆಯ ವೇಗ ಇದ್ದರೆ, ಅದು ಘಾತೀಯ ಬದಲಾವಣೆ. ಎರಡು ಪಟ್ಟು ಇದ್ದರೆ ಎರಡು ಪಟ್ಟು ವೇಗ. ಅರ್ಧ ಇದ್ದರೆ ಅರ್ಧ ವೇಗ. ಬರೆದರೆ ಹೀಗೆ:

```
dy/dt = k y
dy/y  = k dt
ln y  = k t + c
y     = C e^(k t)
```

ಮೂರನೇ ಸಾಲಿನ `c` ಅನ್ನು ಅಲ್ಲೇ, ಆಗಲೇ ಬರೆಯಬೇಕು. ಅನುಕಲನ ಮಾಡುವಾಗ ಅದನ್ನು ಮರೆತು ಕೊನೆಗೆ ನೆನಪಾಗಿ ಸೇರಿಸಿದರೆ `y = e^(k t) + C` ಅಂತ ಆಗುತ್ತದೆ. ಅದು ಪೂರ್ತಿ ಬೇರೆ ಫಲನ, ಮೊದಲ ಸಾಲಿನ ಸಮೀಕರಣಕ್ಕೆ ಹೊಂದುವುದೇ ಇಲ್ಲ. ಸರಿಯಾಗಿ ಬರೆದರೆ `c` ಘಾತದೊಳಗೆ ಹೋಗಿ ಹೊರಗೆ ಗುಣಕವಾಗಿ ಬರುತ್ತದೆ, ಆ ಗುಣಕವೇ `C`.

ಈಗ ಗೊತ್ತಿಲ್ಲದ್ದು ಎರಡು: `C` ಮತ್ತು `k`. ಹಾಗಾಗಿ ಲೆಕ್ಕದಲ್ಲಿ ಎರಡು ಮಾಹಿತಿ ಇರಲೇಬೇಕು. `t = 0` ಹಾಕಿದರೆ `y = C`. ಅಂದರೆ ಆರಂಭದಲ್ಲಿ ಎಷ್ಟಿತ್ತೋ ಅದೇ `C`. ಇನ್ನೊಂದು ಹೊತ್ತಿನ ಅಳತೆ `k` ಅನ್ನು ಕೊಡುತ್ತದೆ. ಎರಡನೇ ಅಳತೆ ಕಾಣದಿದ್ದರೆ ಲೆಕ್ಕವನ್ನು ಇನ್ನೊಮ್ಮೆ ಓದಿ. ಅರ್ಧಾಯು ಇಷ್ಟು ಅಂತಲೋ, ಇಷ್ಟು ಹೊತ್ತಿಗೆ ದುಪ್ಪಟ್ಟಾಗುತ್ತದೆ ಅಂತಲೋ ಎಲ್ಲೋ ಹೇಳಿರುತ್ತಾರೆ. ಅದೂ ಒಂದು ಅಳತೆಯೇ.

ಪಟ್ಟಿನಲ್ಲಿ ಯೋಚಿಸಿ

ನಾನು `k` ಅನ್ನು ಆದಷ್ಟು ತಡವಾಗಿ ಕಂಡುಹಿಡಿಯುತ್ತೇನೆ. ಎಷ್ಟೋ ಸಲ ಕಂಡುಹಿಡಿಯುವುದೇ ಇಲ್ಲ. ಅದರ ಬದಲು ಕೇಳುವ ಪ್ರಶ್ನೆ ಇದು: ಕೊಟ್ಟಿರುವ ಅವಧಿಯಲ್ಲಿ ವಸ್ತು ಎಷ್ಟು ಪಟ್ಟಾಯಿತು? ಆ ಪಟ್ಟನ್ನು `r` ಅನ್ನೋಣ, ಅವಧಿಯನ್ನು `T` ಅನ್ನೋಣ. ಆಗ:

```
y(t) = y0 * r^(t/T)
```

ಇದು ಮೇಲಿನ ಸೂತ್ರವೇ, ವೇಷ ಬೇರೆ ಅಷ್ಟೆ. `r = e^(kT)` ಎಂದು ಹಾಕಿ ನೋಡಿದರೆ ಗೊತ್ತಾಗುತ್ತದೆ. ಅರ್ಧಾಯು ಕೊಟ್ಟಿದ್ದರೆ `r` ಅರ್ಧ. ದುಪ್ಪಟ್ಟಾಗುವ ಕಾಲ ಕೊಟ್ಟಿದ್ದರೆ `r` ಎರಡು. 2 ಗಂಟೆಯಲ್ಲಿ ಶೇ. 10 ಹೆಚ್ಚಿದರೆ `r` 1.1, ಶೇ. 30 ಕಡಿಮೆಯಾದರೆ 0.7, ಶೇ. 30 ಮಾತ್ರ ಉಳಿದರೆ 0.3. ಕೊನೆಯ ಎರಡನ್ನು ಅವಸರದಲ್ಲಿ ಓದಿ ಅದಲುಬದಲು ಮಾಡುವುದು ತುಂಬ ಸಾಮಾನ್ಯ. ಇನ್ನೊಂದು ತಪ್ಪೂ ಹೆಚ್ಚು ಕಾಣುತ್ತದೆ. 2 ಗಂಟೆಯಲ್ಲಿ ಶೇ. 10 ಹೆಚ್ಚಾಯಿತು ಎಂದ ಕೂಡಲೇ `k = 0.1` ಎಂದು ಬರೆಯುವುದು. `k` ಎಂದರೆ ಆ ಕ್ಷಣದ ವೇಗ. ಇಲ್ಲಿ ಹೇಳಿರುವುದು ಎರಡು ಗಂಟೆ ಕಳೆದ ಮೇಲಿನ ಒಟ್ಟು ಫಲ.

ಗಡಿಯಾರದ ಸೊನ್ನೆಯನ್ನು ಎಲ್ಲಿಡಬೇಕು ಎನ್ನುವುದು ನಿಮಗೆ ಬಿಟ್ಟಿದ್ದು. ಒಂದು ಬ್ಯಾಕ್ಟೀರಿಯಾ ಲೆಕ್ಕ ನೋಡಿ: 2 ಗಂಟೆಗೆ 600, 5 ಗಂಟೆಗೆ 2,100. ಮೊದಲಿಗೆ ಎಷ್ಟಿತ್ತು? ಎರಡು ಸಮೀಕರಣ ಬರೆದು ಒಂದನ್ನು ಇನ್ನೊಂದರಿಂದ ಭಾಗಿಸುವುದು ಪುಸ್ತಕದ ದಾರಿ. ಅದು ಸರಿಯೇ. ಆದರೆ 600 ಇದ್ದ ಹೊತ್ತಿಗೇ ಸೊನ್ನೆ ಇಟ್ಟರೆ ಕೆಲಸ ಕಡಿಮೆ. 3 ಗಂಟೆಯಲ್ಲಿ 3.5 ಪಟ್ಟು. ನಮಗೆ ಬೇಕಾದ ಹೊತ್ತು ಅಲ್ಲಿಂದ 2 ಗಂಟೆ ಹಿಂದೆ, ಅಂದರೆ `t = -2`.

```
y = 600 * 3.5^(-2/3) ≈ 260
```

ಕಾಲಕ್ಕೆ ಮೈನಸ್ ಬಂದರೆ ಹೆದರಬೇಡಿ, ಹಿಂದಕ್ಕೆ ಹೋಗುತ್ತಿದ್ದೇವೆ ಅಷ್ಟೆ. ಬೆಳವಣಿಗೆ ಲೆಕ್ಕದ ಬಗ್ಗೆ ಇನ್ನೊಂದೇ ಮಾತು. ಎಶೆರಿಚಿಯಾ ಕೋಲೈ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ, ಹದವಾದ ಬಿಸಿ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. 10 ಗಂಟೆ ಎಂದರೆ 30 ದುಪ್ಪಟ್ಟು, ನೂರು ಕೋಟಿ ಪಟ್ಟಿಗಿಂತ ಜಾಸ್ತಿ. ಪಾತ್ರೆಯಲ್ಲಿ ಅಷ್ಟು ಆಹಾರ ಇರುವುದಿಲ್ಲ, ಬೆಳವಣಿಗೆ ನಡುವೆಯೇ ನಿಧಾನವಾಗಿ ನಿಲ್ಲುತ್ತದೆ. ಅಳತೆ ತೆಗೆದುಕೊಂಡ ಅವಧಿಯಿಂದ ಬಹಳ ಮುಂದಕ್ಕೆ ಹೋಗಿ ಉತ್ತರ ಹೇಳುವಾಗ ಇದು ನೆನಪಿರಲಿ.

ಅರ್ಧಾಯು: ಬೆಳಿಗ್ಗೆ ಎಷ್ಟು ಕಳಿಸಬೇಕು?

ಪೆಟ್ ಸ್ಕ್ಯಾನ್‌ಗೆ ಹೆಚ್ಚಾಗಿ ಬಳಸುವ ಔಷಧಿಯಲ್ಲಿ ಫ್ಲೋರೀನ್-18 ಇರುತ್ತದೆ. ಅದರ ಅರ್ಧಾಯು ಸುಮಾರು 110 ನಿಮಿಷ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ಅದನ್ನು ತಯಾರಿಸುತ್ತಾರೆ. ಅಲ್ಲಿಂದ ಆಸ್ಪತ್ರೆಗೆ ಬರುವ ದಾರಿಯಲ್ಲೇ ಅದು ಕಡಿಮೆಯಾಗುತ್ತಾ ಹೋಗುತ್ತದೆ. ತಂದು ವಾರಗಟ್ಟಲೆ ಇಟ್ಟುಕೊಳ್ಳುವ ಹಾಗಿಲ್ಲ. ಹೀಗಾಗಿ ಇಲ್ಲಿ ಅರ್ಧಾಯು ಲೆಕ್ಕ ದಿನಾ ಬೇಕು.

ರೋಗಿಗೆ ಬೆಳಿಗ್ಗೆ 11 ಗಂಟೆಗೆ 370 ಮೆಗಾಬೆಕರೆಲ್ ಕೊಡಬೇಕು ಅನ್ನೋಣ. ಬೆಕರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು. ಮೆಗಾ ಎಂದರೆ ಹತ್ತು ಲಕ್ಷ. ಅಳೆದು ವಾಹನಕ್ಕೆ ಹತ್ತಿಸುವುದು 8 ಗಂಟೆಗೆ. ಆಗ ಎಷ್ಟಿರಬೇಕು?

ಇಲ್ಲಿ ಗೊತ್ತಿರುವ ಅಳತೆ ಕೊನೆಯ ಹೊತ್ತಿನದು, ಬೇಕಾಗಿರುವುದು ಮೊದಲಿನದು. ಗಡಿಯಾರದ ಸೊನ್ನೆಯನ್ನು 11 ಗಂಟೆಗೆ ಇಡಿ. 8 ಗಂಟೆ ಅಂದರೆ 180 ನಿಮಿಷ ಹಿಂದೆ.

```
y = 370 * (1/2)^(-180/110)
  = 370 * 2^(1.636)
  = 370 * 3.109
  ≈ 1150
```

ಅಂದರೆ 1150 ಮೆಗಾಬೆಕರೆಲ್. ಉತ್ತರ ಬಂದ ಕೂಡಲೇ ಒಂದು ಅಂದಾಜು ಮಾಡಿ. 110 ನಿಮಿಷ ಹಿಂದಕ್ಕೆ ಹೋದರೆ 740, 220 ನಿಮಿಷ ಹಿಂದಕ್ಕೆ ಹೋದರೆ 1480. 180 ಇವೆರಡರ ನಡುವೆ ಇದೆ, 1150 ಕೂಡ ನಡುವೆ ಇದೆ. ಸರಿ. ಉತ್ತರ 119 ಅಂತ ಬಂದಿದ್ದರೆ ಘಾತದ ಚಿಹ್ನೆ ತಪ್ಪಿದೆ ಎಂದು ಆಗಲೇ ಗೊತ್ತಾಗುತ್ತಿತ್ತು. ಅರ್ಧಾಯು ಲೆಕ್ಕದಲ್ಲಿ ಈ ಅಂದಾಜು ಬಾಯಲ್ಲೇ ಆಗುತ್ತದೆ, ಬಿಡಬೇಡಿ.

ಇದನ್ನೇ `k` ಮೂಲಕವೂ ಮಾಡಬಹುದು. `k = -ln 2 / 110 = -0.0063` ಪ್ರತಿ ನಿಮಿಷಕ್ಕೆ. ಇದನ್ನು -0.006 ಎಂದು ಮೊಟಕು ಮಾಡಿದರೆ ಉತ್ತರ 1090ಕ್ಕೆ ಇಳಿಯುತ್ತದೆ, 60 ಮೆಗಾಬೆಕರೆಲ್ ಕಡಿಮೆ. `k` ಘಾತದಲ್ಲಿ ಕೂತಿರುವುದರಿಂದ ಅದರ ಸಣ್ಣ ತಪ್ಪು ಸಮಯ ಹೆಚ್ಚಿದಂತೆ ಹಿಗ್ಗುತ್ತದೆ. ನಾನು ಪಟ್ಟಿನ ರೂಪವನ್ನು ಇಷ್ಟಪಡುವುದು ಇದಕ್ಕೇ. ಅಲ್ಲಿ ನಡುವೆ ಮೊಟಕು ಮಾಡುವ ಸಂಖ್ಯೆಯೇ ಇಲ್ಲ.

ಇಂಥ ಔಷಧಿಯ ಸೀಸೆಯ ಮೇಲೆ ಪ್ರಮಾಣದ ಜೊತೆಗೆ ಅದನ್ನು ಯಾವ ಹೊತ್ತಿಗೆ ಲೆಕ್ಕ ಹಾಕಿದ್ದು ಎಂಬುದನ್ನೂ ಬರೆದಿರುತ್ತಾರೆ. ಹೊತ್ತಿಲ್ಲದ 1150ಕ್ಕೆ ಅರ್ಥವೇ ಇಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲೂ ಆರಂಭದ ಮಾಹಿತಿಯನ್ನು ಯಾವಾಗಲೂ ಜೋಡಿಯಾಗಿಯೇ ಬರೆಯಿರಿ: ಎಷ್ಟು, ಯಾವಾಗ.

ಕ್ಯಾಲ್ಕುಲೇಟರ್ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಪುಸ್ತಕಗಳಲ್ಲಿ ಅನುಕಲನದ ಪಾಠದಲ್ಲಿ `log` ಎಂದು ಬರೆದಿದ್ದರೆ ಅದರ ಆಧಾರ `e`. ಕ್ಯಾಲ್ಕುಲೇಟರಿನ `log` ಗುಂಡಿಯ ಆಧಾರ 10, `e` ಆಧಾರದ್ದು `ln` ಗುಂಡಿ. `k` ಕಂಡುಹಿಡಿಯುವಾಗ ತಪ್ಪು ಗುಂಡಿ ಒತ್ತಿದರೆ ಉತ್ತರ 2.3 ಪಟ್ಟು ತಪ್ಪಾಗುತ್ತದೆ. ಸಮಯ ಕಂಡುಹಿಡಿಯುವಾಗ ಒಂದು ಲಾಗನ್ನು ಇನ್ನೊಂದು ಲಾಗಿನಿಂದ ಭಾಗಿಸುತ್ತೇವೆ, ಅಲ್ಲಿ ಯಾವ ಗುಂಡಿಯಾದರೂ ನಡೆಯುತ್ತದೆ. ಎರಡಕ್ಕೂ ಒಂದೇ ಗುಂಡಿ ಇದ್ದರೆ ಸಾಕು.

ಅರ್ಧಾಯು ಕಳೆದರೂ ಅರ್ಧವಾಗದ ಎಣಿಕೆ

ವಿಕಿರಣವನ್ನು ಎಣಿಸುವ ಗೈಗರ್ ಉಪಕರಣವನ್ನು ಖಾಲಿ ಕೋಣೆಯಲ್ಲಿಟ್ಟರೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಮಣ್ಣು, ಗೋಡೆ, ಆಕಾಶದಿಂದ ಬರುವ ಕಿರಣ, ಎಲ್ಲದರಿಂದಲೂ ಸ್ವಲ್ಪ ವಿಕಿರಣ ಇದ್ದೇ ಇರುತ್ತದೆ. ಇದು ಹಿನ್ನೆಲೆ ಎಣಿಕೆ.

ಹಿನ್ನೆಲೆ ನಿಮಿಷಕ್ಕೆ 30 ಅನ್ನಿ. ಫ್ಲೋರೀನ್-18 ಮುಂದೆ ಹಿಡಿದಾಗ ಉಪಕರಣ 430 ತೋರಿಸಿತು. 110 ನಿಮಿಷ ಬಿಟ್ಟು ನೋಡಿದರೆ 230. ಅರ್ಧ ಅಂದರೆ 215 ಆಗಬೇಕಿತ್ತು, ಅಲ್ವಾ? ನಿಯಮ ತಪ್ಪಿಲ್ಲ. ಎರಡರಿಂದಲೂ 30 ಕಳೆಯಿರಿ: 400, 200. ಸರಿಯಾಗಿ ಅರ್ಧ. ಕಡಿಮೆಯಾಗುತ್ತಿರುವುದು ಉಪಕರಣ ತೋರಿಸುವ ಸಂಖ್ಯೆಯಲ್ಲ, ಹಿನ್ನೆಲೆ ಕಳೆದ ಮೇಲೆ ಉಳಿಯುವ ಸಂಖ್ಯೆ. ಎಷ್ಟು ಹೊತ್ತು ಕಾದರೂ ಉಪಕರಣ ಸೊನ್ನೆಗೆ ಬರುವುದಿಲ್ಲ, 30ರ ಹತ್ತಿರ ಬಂದು ನಿಲ್ಲುತ್ತದೆ.

ನ್ಯೂಟನ್ನನ ತಣಿಯುವ ನಿಯಮಕ್ಕೆ ಬೇಕಾದದ್ದೆಲ್ಲ ಇಲ್ಲೇ ಬಂದುಬಿಟ್ಟಿತು. ಅಲ್ಲಿ ಹಿನ್ನೆಲೆಯ ಜಾಗದಲ್ಲಿ ಕೋಣೆಯ ಉಷ್ಣತೆ ಇದೆ, ಅಷ್ಟೇ ವ್ಯತ್ಯಾಸ.

ಕಾಫಿ ಯಾವಾಗ ಆರುತ್ತದೆ?

ಕೋಣೆಯ ಉಷ್ಣತೆ 26 ಡಿಗ್ರಿ. ಲೋಟದಲ್ಲಿ ಕಾಫಿ 76 ಡಿಗ್ರಿ. 10 ನಿಮಿಷ ಬಿಟ್ಟು ನೋಡಿದರೆ 61. 20 ನಿಮಿಷಕ್ಕೆ ಎಷ್ಟಿರುತ್ತದೆ? 55ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು?

ಮೊದಲ ಹೆಜ್ಜೆ: ಸೊನ್ನೆಯ ಕಡೆ ಹೋಗುತ್ತಿರುವುದು ಯಾವುದು? ಕಾಫಿಯ ಉಷ್ಣತೆ ಸೊನ್ನೆಗೆ ಹೋಗುವುದಿಲ್ಲ, 26ಕ್ಕೆ ಹೋಗುತ್ತದೆ. ಸೊನ್ನೆಗೆ ಹೋಗುವುದು ಕಾಫಿಗೂ ಕೋಣೆಗೂ ಇರುವ ವ್ಯತ್ಯಾಸ. ನ್ಯೂಟನ್ನನ ನಿಯಮ ಹೇಳುವುದೂ ಅದನ್ನೇ: ತಣಿಯುವ ವೇಗ ಆ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ.

```
dT/dt = -k (T - A)
D = T - A,   dD/dt = -k D
```

ಇಲ್ಲಿ `T` ಅಂದರೆ ಕಾಫಿಯ ಉಷ್ಣತೆ, ಮೇಲೆ ಹೇಳಿದ ಅವಧಿಯಲ್ಲ. `A` ಕೋಣೆಯ ಉಷ್ಣತೆ, ಬದಲಾಗದ ಸಂಖ್ಯೆ, ಆದ್ದರಿಂದ `T` ಮತ್ತು `D` ಒಂದೇ ವೇಗದಲ್ಲಿ ಬದಲಾಗುತ್ತವೆ. ಎರಡನೇ ಸಾಲು ನಮಗೆ ಗೊತ್ತಿರುವ ಹಳೆಯ ಸಮೀಕರಣವೇ. ಹೊಸ ಸೂತ್ರ ಕಲಿಯುವ ಅಗತ್ಯ ಬಿದ್ದಿಲ್ಲ.

ಎರಡನೇ ಹೆಜ್ಜೆ: ಕೊಟ್ಟ ಎಲ್ಲ ಉಷ್ಣತೆಗಳಿಂದಲೂ 26 ಕಳೆದು ಹೊಸದಾಗಿ ಬರೆದುಕೊಳ್ಳಿ. 76 ಹೋಗಿ 50 ಆಯಿತು, 61 ಹೋಗಿ 35 ಆಯಿತು, ಕೇಳಿರುವ 55 ಹೋಗಿ 29 ಆಯಿತು. ಇದನ್ನು ಲೆಕ್ಕದ ಮೊದಲ ಸಾಲಿನಲ್ಲೇ ಮಾಡಿ ಮುಗಿಸಿ. ನಡುವೆ ಎಲ್ಲೋ ಕಳೆಯೋಣ ಎಂದು ಬಿಟ್ಟರೆ ಒಂದರಲ್ಲಿ ಕಳೆದು ಇನ್ನೊಂದರಲ್ಲಿ ಮರೆಯುತ್ತೀರಿ.

ಮೂರನೇ ಹೆಜ್ಜೆ: ಪಟ್ಟು. 10 ನಿಮಿಷದಲ್ಲಿ 50 ಇದ್ದದ್ದು 35, ಅಂದರೆ 0.7 ಪಟ್ಟು. ಇನ್ನು ಹತ್ತು ನಿಮಿಷಕ್ಕೆ ಮತ್ತೆ 0.7 ಪಟ್ಟು: 35ರಿಂದ 24.5. ಈಗ ಕೋಣೆಯ 26 ವಾಪಸ್ ಸೇರಿಸಿ. 20 ನಿಮಿಷಕ್ಕೆ ಕಾಫಿ 50.5 ಡಿಗ್ರಿ. ಮೊದಲ ಪ್ರಶ್ನೆಗೆ ಕ್ಯಾಲ್ಕುಲೇಟರೇ ಬೇಕಾಗಲಿಲ್ಲ.

ಎರಡನೆಯದಕ್ಕೆ ಲಾಗ್ ಬೇಕು:

```
29 = 50 * 0.7^(t/10)
t  = 10 * ln(0.58) / ln(0.7)
   = 10 * (-0.5447) / (-0.3567)
   ≈ 15.3
```

15 ನಿಮಿಷ ಚಿಲ್ಲರೆ. ಪರೀಕ್ಷೆಯಲ್ಲಿ `k` ಕೇಳಿದರೆ `-ln(0.7)/10`, ಅಂದರೆ ನಿಮಿಷಕ್ಕೆ 0.0357. ಪೂರ್ತಿ ಉತ್ತರ ಹೀಗೆ:

```
T(t) = 26 + 50 e^(-0.0357 t)
```

ಬರೆದಾದ ಮೇಲೆ ಎರಡು ಕಡೆ ತಟ್ಟಿ ನೋಡಿ. `t = 0` ಹಾಕಿದರೆ 76 ಬರಬೇಕು. `t` ತುಂಬ ದೊಡ್ಡದಾದರೆ 26 ಬರಬೇಕು. 26 ಕಳೆಯದೆ ಲೆಕ್ಕ ಮಾಡಿದವರು 61ನ್ನು 76ರಿಂದ ಭಾಗಿಸಿ 0.803 ಪಟ್ಟು ಎನ್ನುತ್ತಾರೆ. ಅವರಿಗೆ 20 ನಿಮಿಷಕ್ಕೆ 49 ಡಿಗ್ರಿ ಬರುತ್ತದೆ. ಸರಿಯಾದ 50.5ರ ಪಕ್ಕದಲ್ಲೇ ಇರುವುದರಿಂದ ಅನುಮಾನವೇ ಬರುವುದಿಲ್ಲ. ಆದರೆ ಅದೇ ಲೆಕ್ಕವನ್ನು ಎರಡು ಗಂಟೆಗೆ ಒಯ್ದರೆ ಕಾಫಿ 26 ಡಿಗ್ರಿಯ ಕೋಣೆಯಲ್ಲಿ ಕೂತು ಸುಮಾರು 5 ಡಿಗ್ರಿಗೆ ಇಳಿದಿರುತ್ತದೆ. ಹತ್ತಿರದ ಸಮಯದಲ್ಲಿ ಅಡಗಿರುವ ತಪ್ಪು ದೂರದ ಸಮಯದಲ್ಲಿ ಬಯಲಾಗುತ್ತದೆ.

ಈ ಕಾಫಿಗೂ ಒಂದು ಅರ್ಧಾಯು ಇದೆ. ವ್ಯತ್ಯಾಸ ಅರ್ಧವಾಗಲು ಬೇಕಾದ ಹೊತ್ತು `ln 2 / 0.0357`, ಸುಮಾರು 19.4 ನಿಮಿಷ. 76ರಿಂದ 51ಕ್ಕೆ ಬರಲು ಅಷ್ಟು ಹೊತ್ತು, 51ರಿಂದ 38.5ಕ್ಕೆ ಬರಲು ಮತ್ತೆ ಅಷ್ಟೇ ಹೊತ್ತು. ಮೊದಲ ಸಲ 25 ಡಿಗ್ರಿ ಇಳಿಯಿತು, ಎರಡನೇ ಸಲ 12.5 ಮಾತ್ರ. ಕಾಫಿ ಆರುವುದು ಬರುಬರುತ್ತಾ ನಿಧಾನ ಅಂತ ಎಲ್ಲರಿಗೂ ಗೊತ್ತು. ಎಷ್ಟು ನಿಧಾನ ಎನ್ನುವುದು ಇಲ್ಲಿ ಕಾಣುತ್ತದೆ.

ನಿಯಮ ಎಲ್ಲಿ ಕೈಕೊಡುತ್ತದೆ

ನ್ಯೂಟನ್ ಈ ಮಾತು ಹೇಳಿದ್ದು 1701ರಲ್ಲಿ, ಲ್ಯಾಟಿನ್‌ನಲ್ಲಿ ಪ್ರಕಟವಾದ, ಹೆಸರು ಹಾಕದ ಒಂದು ಬರಹದಲ್ಲಿ. ಕಾದ ಕಬ್ಬಿಣದ ತುಂಡನ್ನು ಅವನು ಗಾಳಿಯಾಡದ ಜಾಗದಲ್ಲಿಡಲಿಲ್ಲ, ಒಂದೇ ಸಮನೆ ಬೀಸುವ ಗಾಳಿಯಲ್ಲಿಟ್ಟ. ಬಿಸಿಯಾದ ಗಾಳಿ ಕೂಡಲೇ ದೂರ ಹೋಗಿ ಅಷ್ಟೇ ತಣ್ಣನೆಯ ಗಾಳಿ ಅಲ್ಲಿಗೆ ಬರಲಿ ಎಂಬುದು ಅವನ ಉದ್ದೇಶ. ಇದು ಬಹಳ ಮುಖ್ಯವಾದ ವಿವರ. ಸುತ್ತ ಗಾಳಿ ತನ್ನ ಪಾಡಿಗೆ ಬೀಸುತ್ತಿದ್ದರೆ ನಿಯಮ ಚೆನ್ನಾಗಿ ಹೊಂದುತ್ತದೆ. ಗಾಳಿ ನಿಂತಿದ್ದರೆ, ವಸ್ತುವಿನ ಬಿಸಿಯೇ ಗಾಳಿಯನ್ನು ಮೇಲೆ ಓಡಿಸಬೇಕು. ವಸ್ತು ಹೆಚ್ಚು ಬಿಸಿ ಇದ್ದಷ್ಟೂ ಗಾಳಿ ಹೆಚ್ಚು ಓಡುತ್ತದೆ. ಆಗ `k` ಸ್ಥಿರವಾಗಿ ಉಳಿಯದೆ ಆರಂಭದಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ.

ಮುಚ್ಚದ ಲೋಟದಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿ ಕಾಫಿಯಿಂದ ಹಬೆ ಏಳುತ್ತದೆ, ಆ ಹಬೆ ಬಹಳ ಶಾಖ ಒಯ್ಯುತ್ತದೆ. ಹಬೆ ಏಳುವುದು ಉಷ್ಣತೆಯ ಜೊತೆ ತುಂಬ ಬೇಗ ಹೆಚ್ಚುತ್ತದೆ, ವ್ಯತ್ಯಾಸದ ಲೆಕ್ಕಕ್ಕೆ ಸಿಗುವುದಿಲ್ಲ. ಹೀಗಾಗಿ ಮೊದಲ ಹತ್ತು ನಿಮಿಷ ಕಾಫಿ ನಿಯಮಕ್ಕಿಂತ ಬೇಗ ಆರುತ್ತದೆ. ಗೊತ್ತುಮಾಡಿಕೊಳ್ಳುವುದು ಸುಲಭ. ಪ್ರತಿ ಹತ್ತು ನಿಮಿಷಕ್ಕೆ ಉಷ್ಣತೆ ನೋಡಿ, ಕೋಣೆಯದನ್ನು ಕಳೆದು, ಪಟ್ಟು ಬರೆಯುತ್ತಾ ಹೋಗಿ. 0.7, 0.7, 0.7 ಅಂತ ಬಂದರೆ ನಿಯಮ ಹೊಂದಿದೆ. 0.66, 0.70, 0.73 ಅಂತ ಏರುತ್ತಾ ಹೋದರೆ ಹೊಂದಿಲ್ಲ. ಆಗ ಲೋಟಕ್ಕೆ ಮುಚ್ಚಳ ಇಟ್ಟು, ಒಂದೇ ವೇಗದಲ್ಲಿ ಫ್ಯಾನ್ ಹಾಕಿ, ಇನ್ನೊಮ್ಮೆ ಅಳೆಯಿರಿ. ನಡುವೆ ಫ್ಯಾನ್ ಆರಿಸಿದರೆ `k` ಬದಲಾಗಿ ಇಡೀ ಪಟ್ಟಿ ಹಾಳು.

ಪಠ್ಯಪುಸ್ತಕಗಳಲ್ಲಿ ಹಿಂದಕ್ಕೆ ಹೋಗುವ ತಣಿಯುವಿಕೆಗೆ ಮಾಮೂಲಿ ಉದಾಹರಣೆ ಸಾವಿನ ಸಮಯ. ರಾತ್ರಿ 10ಕ್ಕೆ ದೇಹ 32 ಡಿಗ್ರಿ, 11ಕ್ಕೆ 30.5, ಕೋಣೆ 22. ಜೀವ ಇದ್ದಾಗ 37 ಎಂದು ಇಟ್ಟುಕೊಂಡರೆ ವ್ಯತ್ಯಾಸಗಳು 15, 10, 8.5. ಗಂಟೆಗೆ 0.85 ಪಟ್ಟು. 15 ಇದ್ದದ್ದು 10 ಆಗಲು `ln(10/15) / ln(0.85)`, ಅಂದರೆ ಎರಡೂವರೆ ಗಂಟೆ. ಉತ್ತರ ಸಂಜೆ ಏಳೂವರೆ. ಲೆಕ್ಕವಾಗಿ ಇದು ಸರಿ. ಆದರೆ ದೇಹ ಕಾಫಿಯ ಹಾಗೆ ಅಲ್ಲ. ಹೊರಗಿನ ಚರ್ಮ ಮೊದಲು ತಣಿಯುತ್ತದೆ, ಒಳಗಿನ ಬಿಸಿ ಹೊರಗೆ ಬರಲು ಹೊತ್ತು ಹಿಡಿಯುತ್ತದೆ. ಮೊದಲ ಕೆಲವು ಗಂಟೆ ಒಳಗಿನ ಉಷ್ಣತೆ ಇಳಿಯುವುದೇ ನಿಧಾನ. ಅದಕ್ಕೇ ಮಾರ್ಷಲ್ ಮತ್ತು ಹೋರ್ ಎಂಬ ಸಂಶೋಧಕರು 1962ರಲ್ಲಿ ಒಂದರ ಬದಲು ಎರಡು ಘಾತೀಯ ಪದಗಳಿರುವ ಸೂತ್ರ ಕೊಟ್ಟರು. ಆ ನಿಧಾನದ ಅವಧಿಯನ್ನು ನಮ್ಮ ಸರಳ ಲೆಕ್ಕ ಗಮನಿಸುವುದಿಲ್ಲ. ಹಾಗಾಗಿ ನಿಜವಾದ ಸಮಯ ಏಳೂವರೆಗಿಂತ ಇನ್ನೂ ಹಿಂದೆ ಇರುವ ಸಂಭವವೇ ಹೆಚ್ಚು.

ಕೋಣೆಯ ಉಷ್ಣತೆಯೇ ಗೊತ್ತಿಲ್ಲದಿದ್ದರೆ

ಈಗ ಗೊತ್ತಿಲ್ಲದ್ದು ಮೂರು: ಆರಂಭದ ವ್ಯತ್ಯಾಸ, ಪಟ್ಟು, `A`. ಅಳತೆಯೂ ಮೂರು ಬೇಕು. ಸಮಾನ ಅಂತರದಲ್ಲಿ ತೆಗೆದ ಮೂರು ಅಳತೆಗಳಾದರೆ ಲಾಗೂ ಬೇಡ. ಮೊದಲ ಅಂತರದ ಪಟ್ಟು ಎರಡನೇ ಅಂತರದ ಪಟ್ಟಿಗೆ ಸಮ ಎಂದು ಬರೆದು ಅಡ್ಡ ಗುಣಿಸಿ:

```
(T1 - A)/(T0 - A) = (T2 - A)/(T1 - A)

A = (T0*T2 - T1^2) / (T0 + T2 - 2*T1)
```

ನಮ್ಮ ಕಾಫಿಯ ಅಳತೆ 76, 61, 50.5. ಮೇಲೆ 3838ರಿಂದ 3721 ಹೋದರೆ 117. ಕೆಳಗೆ 126.5ರಿಂದ 122 ಹೋದರೆ 4.5. ಭಾಗಿಸಿದರೆ 26. ಕೋಣೆಯಲ್ಲಿ ಥರ್ಮಾಮೀಟರ್ ಇಡದೆಯೇ ಕೋಣೆಯ ಉಷ್ಣತೆ ಸಿಕ್ಕಿತು.

ಆದರೆ ಈ ಉತ್ತರವನ್ನು ಕೂಡಲೇ ನಂಬಬೇಡಿ. ಕೊನೆಯ ಅಳತೆಯನ್ನು ಓದುವಾಗ ಅರ್ಧ ಡಿಗ್ರಿ ತಪ್ಪಿ 51 ಅಂತ ಬರೆದಿದ್ದರೆ? ಮೇಲೆ 155, ಕೆಳಗೆ 5. ಕೋಣೆ 31 ಡಿಗ್ರಿ ಎಂದಾಯಿತು. 50 ಅಂತ ಬರೆದಿದ್ದರೆ ಮೇಲೆ 79, ಕೆಳಗೆ 4, ಕೋಣೆ 20ಕ್ಕೆ ಇಳಿಯಿತು. ಮಾಮೂಲಿ ಥರ್ಮಾಮೀಟರಿನಲ್ಲಿ ಅರ್ಧ ಡಿಗ್ರಿ ಆಚೀಚೆ ಆಗುವುದು ಸಹಜ. ಅಷ್ಟಕ್ಕೇ ಉತ್ತರ 20ರಿಂದ 31ರವರೆಗೆ ಓಡಾಡಿತು.

ಕಾರಣ ಕೆಳಗಿರುವ 4.5. ಅದು ದೊಡ್ಡ ದೊಡ್ಡ ಸಂಖ್ಯೆಗಳನ್ನು ಕಳೆದು ಉಳಿದ ಸಣ್ಣ ಚೂರು. ಆ ಚೂರು ಹೇಳುವುದು ಕಾಫಿಯ ಇಳಿಕೆ ಎಷ್ಟು ಬಾಗಿದೆ ಎಂಬುದನ್ನು. ಮೊದಲ ಹತ್ತು ನಿಮಿಷ 15 ಡಿಗ್ರಿ ಇಳಿಯಿತು, ಮುಂದಿನ ಹತ್ತು ನಿಮಿಷ 10.5 ಇಳಿಯಿತು, ಬಾಗಿದ್ದು ಆ 4.5 ಮಾತ್ರ. 20 ನಿಮಿಷದಲ್ಲಿ ಗೆರೆ ಇನ್ನೂ ಸರಿಯಾಗಿ ಬಾಗಿಲ್ಲ. ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅಲ್ಲಿಂದಲೇ ಹೇಳುವುದು ಕಷ್ಟ.

ಪರಿಹಾರ ಕಾಯುವುದು. ಅದೇ ಕಾಫಿಯನ್ನು ಹತ್ತು ನಿಮಿಷದ ಬದಲು ಅರ್ಧ ಗಂಟೆಗೊಮ್ಮೆ ಅಳೆದರೆ 76, 43.15, 31.88 ಬರುತ್ತದೆ. ಈಗ ಕೆಳಗಿನ ಸಂಖ್ಯೆ 21.58. ಕೊನೆಯ ಅಳತೆಯಲ್ಲಿ ಅದೇ ಅರ್ಧ ಡಿಗ್ರಿ ತಪ್ಪಿ 32.38 ಎಂದು ಬರೆದರೂ `A` 27.1 ಬರುತ್ತದೆ. ಐದು ಡಿಗ್ರಿ ಇದ್ದ ತಪ್ಪು ಒಂದು ಡಿಗ್ರಿ ಚಿಲ್ಲರೆಗೆ ಇಳಿಯಿತು. ಇನ್ನೂ ಹೆಚ್ಚು ಕಾದರೆ ಕಾಫಿ ಕೋಣೆಯ ಉಷ್ಣತೆಗೇ ಬಂದುಬಿಡುತ್ತದೆ, ಆಗ `A` ನೇರವಾಗಿ ಥರ್ಮಾಮೀಟರಿನಲ್ಲೇ ಕಾಣುತ್ತದೆ. ಆದರೆ ಆ ಹೊತ್ತಿಗೆ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ ಉಳಿದಿರುತ್ತದೆ, ಅದರಿಂದ ಪಟ್ಟು ತೆಗೆಯಲು ಹೋದರೆ ಅದೇ ಅರ್ಧ ಡಿಗ್ರಿಯ ತಪ್ಪು ಈ ಸಲ `k` ಅನ್ನು ಕೆಡಿಸುತ್ತದೆ.

ಪ್ರಯೋಗ ಮಾಡುವವರಿಗೆ ನಾನು ಹೇಳುವುದು ಇಷ್ಟು. `k` ಬೇಕಿದ್ದರೆ ವ್ಯತ್ಯಾಸ ಇನ್ನೂ ಚೆನ್ನಾಗಿರುವಾಗಿನ ಅಳತೆಗಳನ್ನು ಬಳಸಿ, ವ್ಯತ್ಯಾಸ ಅರ್ಧವೋ ಮೂರನೇ ಒಂದು ಭಾಗವೋ ಆಗುವಷ್ಟು ಅಂತರ ಕೊಡಿ. `A` ಬೇಕಿದ್ದರೆ ಕೊನೆಯ ಅಳತೆಯನ್ನು ಆದಷ್ಟು ತಡವಾಗಿ ತೆಗೆದುಕೊಳ್ಳಿ. ಅದಕ್ಕಿಂತ ಒಳ್ಳೆಯದು, ಲೋಟದ ಬಿಸಿ ತಾಗದಷ್ಟು ದೂರದಲ್ಲಿ, ಬಿಸಿಲು ಬೀಳದ ಕಡೆ ಇನ್ನೊಂದು ಥರ್ಮಾಮೀಟರ್ ಇಟ್ಟು ಕೋಣೆಯ ಉಷ್ಣತೆಯನ್ನು ಆರಂಭದಲ್ಲೂ ಕೊನೆಯಲ್ಲೂ ಬರೆದುಕೊಳ್ಳಿ. ಎರಡೂ ಒಂದೇ ಬಂದರೆ `A` ಸ್ಥಿರ ಎಂದು ಹಿಡಿದದ್ದು ಸರಿ. ಎರಡು ಡಿಗ್ರಿ ಬೇರೆ ಬಂದರೆ ಬರೆದ ಸಮೀಕರಣವೇ ಆ ದಿನದ ಕೋಣೆಗೆ ಹೊಂದಿಲ್ಲ ಎಂದರ್ಥ, ಕಿಟಕಿ ಮುಚ್ಚಿ ಮತ್ತೆ ಮೊದಲಿಂದ ಅಳೆಯಿರಿ.